ಕರಡು ಪ್ರತಿಯ ಸಾಕ್ಷ್ಯ

2024ರ ಜೂನ್ ತಿಂಗಳ ಎರಡನೆಯ ವಾರದಲ್ಲಿ ನನಗೊಂದು ಮಿಂಚಂಚೆ ಬಂದಿತು. ವಿಚಾರಸಂಕಿರಣವೊಂದರ ಲೇಖನಗಳನ್ನು ಸಂಪುಟವಾಗಿ ತರುತ್ತಿದ್ದ ಸಂಪಾದಕ ಮಂಡಳಿಯವರು ಅದನ್ನು ಬರೆದಿದ್ದರು. ಶ್ರವಣಬೆಳಗೊಳದ ನಿಷಿಧಿ ಶಾಸನಗಳ ಭಾಷೆಯನ್ನು ಕುರಿತು ನಾನು ಕಳುಹಿಸಿದ್ದ ಲೇಖನವು ‘ಪರೀಕ್ಷೆಗೆ ಒಳಪಡಿಸಲಾಗಿ ಶೇ. 82ರಷ್ಟು ಕೃತಕ ಬುದ್ಧಿಮತ್ತೆಯಿಂದ ರಚಿತವಾದುದೆಂದು ಕಂಡುಬಂದಿರುವುದರಿಂದ’ ಅದನ್ನು ಸಂಪುಟದಿಂದ ಕೈಬಿಡಲಾಗಿದೆ ಎಂಬುದು ಅದರ ಒಕ್ಕಣೆ. ಪತ್ರದ ಪ್ರತಿಯೊಂದು ನಮ್ಮ ಪ್ರಾಂಶುಪಾಲರಿಗೂ ಹೋಗಿತ್ತು. ಆ ಲೇಖನದ ಒಂದೊಂದು ವಾಕ್ಯವನ್ನೂ ನಾನೇ ಬರೆದಿದ್ದೆ. ಅದು ನನಗೆ ಗೊತ್ತಿತ್ತು. ಇನ್ನೊಬ್ಬರಿಗೆ ಅದನ್ನು ತೋರಿಸಿಕೊಡುವುದು ಹೇಗೆಂಬುದು ಮಾತ್ರ ಗೊತ್ತಿರಲಿಲ್ಲ. ಅದನ್ನು ಕಲಿತ ಎರಡು ತಿಂಗಳ ಕಥೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಸಂಶೋಧನೆಯಲ್ಲಿ ತೊಡಗಿರುವ ಕಿರಿಯರಿಗೆ ಇದರಿಂದ ಉಪಯೋಗವಾದೀತು.

ಇಂಥ ಆರೋಪದ ಪರಿಣಾಮಗಳು ಒಮ್ಮೆಲೇ ಬಂದು ಎರಗುವುದಿಲ್ಲ. ಮೊದಲ ವಾರ ಲೇಖನವೊಂದು ಹೋಯಿತೆಂಬ ಬೇಸರವಷ್ಟೇ ಇತ್ತು. ಎರಡನೆಯ ವಾರದಲ್ಲಿ ಪ್ರಾಂಶುಪಾಲರು ಕರೆದು, ನನ್ನ ಪದೋನ್ನತಿಯ ಕಡತವನ್ನು ‘ಈ ವಿಷಯ ಇತ್ಯರ್ಥವಾಗುವವರೆಗೆ’ ಮುಂದಕ್ಕೆ ಕಳುಹಿಸುವುದಿಲ್ಲವೆಂದು ತಿಳಿಸಿದರು. ಅವರು ಕಠಿಣವಾಗಿ ನಡೆದುಕೊಳ್ಳಲಿಲ್ಲ. ಅವರ ಮುಂದೆಯೂ ಒಂದು ಕಾಗದವಿತ್ತು, ಅದಕ್ಕೆ ಅವರು ಉತ್ತರ ಕೊಡಬೇಕಿತ್ತು. ಮೂರನೆಯ ವಾರದಲ್ಲಿ, ಒಪ್ಪಿಕೊಂಡಿದ್ದ ಉಪನ್ಯಾಸವೊಂದನ್ನು ಸಂಘಟಕರು ಕಾರಣ ಹೇಳದೆ ಮುಂದೂಡಿದರು. ಸಿಬ್ಬಂದಿ ಕೊಠಡಿಯಲ್ಲಿ ನಾನು ಒಳಗೆ ಬಂದಾಗ ಮಾತು ತುಸು ತಗ್ಗುತ್ತಿತ್ತು. ಎಲ್ಲಕ್ಕಿಂತ ನನ್ನನ್ನು ಕಾಡಿದ್ದು ಬೇರೊಂದು ಸಂಗತಿ. ಆ ದಿನಗಳಲ್ಲಿ ಏನು ಬರೆಯಲು ಕುಳಿತರೂ ವಾಕ್ಯವು ಚೊಕ್ಕವಾಗಿ ಮುಗಿದರೆ ಅನುಮಾನ ಬರುತ್ತಿತ್ತು. ಇದು ಯಂತ್ರದ್ದೆಂದು ಯಾರಾದರೂ ಅಂದಾರೆಂದು ಬೇಕೆಂದೇ ಅದನ್ನು ಒರಟು ಮಾಡುತ್ತಿದ್ದೆ. ನಡುವಯಸ್ಸು ದಾಟಿದ ಕನ್ನಡದ ಅಧ್ಯಾಪಕನೊಬ್ಬ ತನ್ನ ಗದ್ಯಕ್ಕೆ ತಾನೇ ಹೆದರುವ ಸ್ಥಿತಿಯದು.

ನನ್ನ ಮೊದಲ ಉತ್ತರ ತಪ್ಪಾಗಿತ್ತೆಂದು ಒಪ್ಪಿಕೊಳ್ಳಬೇಕು. ಪತ್ರ ಬಂದ ರಾತ್ರಿಯೇ, ಎಷ್ಟು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ, ಯಾವ ಯಾವ ಪುಸ್ತಕಗಳನ್ನು ಪ್ರಕಟಿಸಿದ್ದೇನೆ ಎಂಬುದನ್ನೆಲ್ಲ ಸಿಟ್ಟಿನಲ್ಲಿ ಬರೆದು ಕಳುಹಿಸಿದೆ. ಅದರಲ್ಲಿ ಲೇಖನವನ್ನು ಕುರಿತ ಒಂದು ಮಾತೂ ಇರಲಿಲ್ಲ. ವ್ಯಕ್ತಿಯ ಘನತೆಯು ಪಠ್ಯದ ಕರ್ತೃತ್ವಕ್ಕೆ ಪ್ರಮಾಣವಲ್ಲ ಎಂದು ತರಗತಿಯಲ್ಲಿ ನಾನೇ ಹೇಳುತ್ತಿದ್ದೆ. ಮಾರನೆಯ ದಿನ ನಮ್ಮ ಗಣಕವಿಜ್ಞಾನ ವಿಭಾಗದ ಕಿರಿಯ ಸಹೋದ್ಯೋಗಿಯೊಬ್ಬರು ಆ ಪತ್ರವನ್ನು ಓದಿ, ‘ಸರ್, ನೀವು ಉತ್ತರ ಕೊಟ್ಟುಬಿಟ್ಟಿದ್ದೀರಿ, ಪ್ರಶ್ನೆಯನ್ನೇ ಕೇಳಿಲ್ಲವಲ್ಲ’ ಎಂದರು. ಅವರ ಸಲಹೆಯಂತೆ ಎರಡನೆಯ ಪತ್ರವನ್ನು ಕೇವಲ ಪ್ರಶ್ನೆಗಳಾಗಿ ಬರೆದೆ. ಪರೀಕ್ಷೆಗೆ ಒಳಪಡಿಸಿದ ಪಠ್ಯ ಯಾವುದು? ಯಾವ ಸಾಧನದಿಂದ, ಯಾವ ದಿನ ಪರೀಕ್ಷಿಸಲಾಯಿತು? ಪೂರ್ಣ ವರದಿಯ ಪ್ರತಿಯನ್ನು ಕೊಡುವಿರಾ? ಯಾವ ನಿಯಮದ ಅನ್ವಯ ಈ ತೀರ್ಮಾನವಾಯಿತು?

ಹತ್ತು ದಿನಗಳ ಬಳಿಕ ವರದಿ ಬಂತು. ತೆರೆದು ನೋಡಿದರೆ ಅದರಲ್ಲಿದ್ದುದು ಇಂಗ್ಲಿಷ್. ನನ್ನ ಲೇಖನ ಇದ್ದುದು ಕನ್ನಡದಲ್ಲಿ. ಆಗಿದ್ದುದಿಷ್ಟು: ಆ ಪತ್ತೆಸಾಧನವು ಕನ್ನಡವನ್ನು ಸ್ವೀಕರಿಸುತ್ತಿರಲಿಲ್ಲವಾದ್ದರಿಂದ, ಸಂಪಾದಕ ಮಂಡಳಿಯ ಪರವಾಗಿ ಯಾರೋ ಒಬ್ಬರು ಇಡೀ ಲೇಖನವನ್ನು ಯಂತ್ರಾನುವಾದದ ಮೂಲಕ ಇಂಗ್ಲಿಷಿಗೆ ತಿರುಗಿಸಿ, ಆ ಇಂಗ್ಲಿಷನ್ನು ಪರೀಕ್ಷೆಗೆ ಕೊಟ್ಟಿದ್ದರು. ಅಂದರೆ ಯಂತ್ರವು ಬರೆದ ವಾಕ್ಯಗಳನ್ನೇ ಯಂತ್ರಕ್ಕೆ ತೋರಿಸಿ, ಇವು ಯಂತ್ರದ ವಾಕ್ಯಗಳೇ ಎಂದು ಕೇಳಿದ್ದರು. ಅದು ಬಹುಮಟ್ಟಿಗೆ ಹೌದೆಂದಿತ್ತು. ವರದಿಯನ್ನು ಕೇಳದೆ ಇದ್ದಿದ್ದರೆ ಈ ಸಂಗತಿ ಕೊನೆಯವರೆಗೂ ನನಗೆ ತಿಳಿಯುತ್ತಿರಲಿಲ್ಲ. ಆದ್ದರಿಂದ ಇಂಥ ಆರೋಪ ಬಂದಾಗ ಮೊದಲು ಬರೆದು ಕೇಳಬೇಕಾದ ಪ್ರಶ್ನೆ ‘ನೀವು ಪರೀಕ್ಷಿಸಿದ್ದು ನನ್ನ ಪಠ್ಯವನ್ನೋ?’ ಎಂಬುದೇ.

ಪರೀಕ್ಷಿಸಿದ್ದು ನನ್ನ ಪಠ್ಯವೇ ಆಗಿದ್ದರೂ ಆ ಅಂಕಿಗೆ ಎಷ್ಟು ಬೆಲೆ ಎಂಬುದನ್ನು ಆ ಸಹೋದ್ಯೋಗಿಯೇ ವಿವರಿಸಿದರು. ಇಂಥ ಸಾಧನಗಳು ಬರಹಗಾರನನ್ನು ಕಾಣಲಾರವು. ವಾಕ್ಯದ ಹೊರರೂಪವನ್ನು ಅಳೆಯುತ್ತವೆ. ಒಂದು ಪದದ ಮುಂದೆ ಯಾವ ಪದ ಬರಬಹುದೆಂಬ ನಿರೀಕ್ಷೆಗೆ ಬರಹವು ಎಷ್ಟು ಹೊಂದುತ್ತದೆ, ವಾಕ್ಯಗಳ ಉದ್ದದಲ್ಲಿ ಏರಿಳಿತ ಎಷ್ಟಿದೆ ಎಂಬಂಥವನ್ನು ಲೆಕ್ಕ ಹಾಕುತ್ತವೆ. ನಿರೀಕ್ಷೆಯಂತೆ ನಡೆಯುವ ಬರಹವು ಅವುಗಳ ಕಣ್ಣಿಗೆ ಯಂತ್ರದ ಬರಹ. ನನ್ನ ಲೇಖನದ ವಸ್ತುವೇ ಸೂತ್ರಬದ್ಧ ಭಾಷೆ. ಇಂಥವರ ಶಿಷ್ಯರಾದ ಇಂಥವರು ವ್ರತವನ್ನು ನೋಂತು ಮುಡಿಪಿದರು ಎಂಬ ಒಂದೇ ಅಚ್ಚನ್ನು ನಿಷಿಧಿ ಶಾಸನಗಳು ಮತ್ತೆ ಮತ್ತೆ ಬಳಸುತ್ತವೆ. ಅವನ್ನು ವಿವರಿಸುವ ಗದ್ಯವೂ ಸಮನಾದ ಲಯದಲ್ಲಿ ಸಾಗುವುದು ಸಹಜ. ಪರಭಾಷೆಯಲ್ಲಿ ಬರೆಯುವವರಿಗೂ ಇದೇ ಪಾಡು. 2023ರಲ್ಲಿ ಸ್ಟ್ಯಾನ್‌ಫರ್ಡ್‌ನ ಸಂಶೋಧಕರು, ಇಂಗ್ಲಿಷ್ ಮಾತೃಭಾಷೆಯಲ್ಲದವರು ಟೋಫೆಲ್ ಪರೀಕ್ಷೆಗೆ ಬರೆದ 91 ಪ್ರಬಂಧಗಳನ್ನು ಏಳು ಪತ್ತೆಸಾಧನಗಳಿಗೆ ಕೊಟ್ಟು ನೋಡಿದರು. ಮನುಷ್ಯರೇ ಬರೆದ ಆ ಪ್ರಬಂಧಗಳನ್ನು ಸಾಧನಗಳು ಸರಾಸರಿ ಶೇ. 61ರಷ್ಟು ಸಲ ಯಂತ್ರದವೆಂದು ಹೇಳಿದವು.

ಇನ್ನೊಂದು ಲೆಕ್ಕವನ್ನು ನಾನು ನನ್ನ ಉತ್ತರದಲ್ಲಿ ಸೇರಿಸಿದೆ. ಚಾಟ್‌ಜಿಪಿಟಿಯನ್ನು ರೂಪಿಸಿದ ಓಪನ್‌ಎಐ ಸಂಸ್ಥೆಯೇ 2023ರ ಜನವರಿ ಕೊನೆಯಲ್ಲಿ ಒಂದು ಪತ್ತೆಸಾಧನವನ್ನು ಹೊರತಂದು, ನಿಖರತೆ ಸಾಲದೆಂದು ಅದೇ ವರ್ಷದ ಜುಲೈನಲ್ಲಿ ಹಿಂತೆಗೆದುಕೊಂಡಿತು. ಯಂತ್ರದ ಬರಹದಲ್ಲಿ ಅದು ಗುರುತಿಸುತ್ತಿದ್ದುದು ಶೇ. 26ನ್ನು ಮಾತ್ರ, ಮನುಷ್ಯರ ಬರಹದಲ್ಲಿ ಶೇ. 9ನ್ನು ತಪ್ಪಾಗಿ ಯಂತ್ರದ್ದೆನ್ನುತ್ತಿತ್ತು. ಇವು ಆ ಸಂಸ್ಥೆಯೇ ಹೇಳಿಕೊಂಡ ಅಂಕಿಗಳು. ಸಾವಿರ ಲೇಖನಗಳಿವೆ, ಅವುಗಳಲ್ಲಿ ನೂರು ಯಂತ್ರದವು ಎಂದು ಭಾವಿಸೋಣ. ನೂರರಲ್ಲಿ 26 ಸಿಕ್ಕಿಬೀಳುತ್ತವೆ. ಉಳಿದ ಒಂಬೈನೂರರಲ್ಲಿ 81 ನಿರಪರಾಧಿಗಳೂ ಸಿಕ್ಕಿಬೀಳುತ್ತಾರೆ. ಗುರುತು ಹಾಕಿಸಿಕೊಂಡ 107 ಮಂದಿಯಲ್ಲಿ ಮುಕ್ಕಾಲು ಪಾಲು ತಪ್ಪು ಮಾಡದವರು. ಇಂದಿನ ಸಾಧನಗಳು ಅದಕ್ಕಿಂತ ಉತ್ತಮವಾಗಿರಬಹುದು. ಆದರೂ ತಪ್ಪು ಗುರುತಿನ ಪ್ರಮಾಣ ಎಷ್ಟೆಂದು ಹೇಳದೆ ಒಂದು ಅಂಕಿಯನ್ನು ಮಾತ್ರ ಮುಂದಿಟ್ಟರೆ ಅದರಿಂದ ಏನೂ ಸಿದ್ಧವಾಗುವುದಿಲ್ಲ.

ನಿಯಮದ ಪ್ರಶ್ನೆಯೂ ಇತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗವು ಕೃತಿಚೌರ್ಯವನ್ನು ತಡೆಯಲು 2018ರಲ್ಲಿ ಹೊರಡಿಸಿದ ನಿಯಮಾವಳಿಯನ್ನು ಸಂಪಾದಕರ ಪತ್ರವು ಹೆಸರಿಸಿತ್ತು. ಅದರಲ್ಲಿ ಹತ್ತು, ನಲವತ್ತು, ಅರವತ್ತು ಎಂಬ ಶೇಕಡಾ ಮಿತಿಗಳಿವೆ. ಅರವತ್ತನ್ನು ಮೀರಿದರೆ ಅಧ್ಯಾಪಕನಿಗೆ ಎರಡು ವಾರ್ಷಿಕ ಬಡ್ತಿಗಳು ತಪ್ಪುತ್ತವೆ, ಮೂರು ವರ್ಷ ಮಾರ್ಗದರ್ಶಕನಾಗುವಂತಿಲ್ಲ. 82 ಎಂಬ ಅಂಕಿಯನ್ನು ಕಂಡವರಿಗೆ ಅದು ಈ ಮಿತಿಗಳ ಪೈಕಿ ಕೊನೆಯದನ್ನು ದಾಟಿದಂತೆ ತೋರುವುದು ಸುಲಭ. ಆದರೆ ಆ ಶೇಕಡಾವಾರುಗಳು ಅಳೆಯುವುದು ಹೋಲಿಕೆಯನ್ನು, ಅಂದರೆ ಈ ಬರಹದಲ್ಲಿ ಎಷ್ಟು ಭಾಗ ಈಗಾಗಲೇ ಇರುವ ಬೇರೆ ಬರಹದೊಡನೆ ಹೊಂದುತ್ತದೆ ಎಂಬುದನ್ನು. ಹೋಲಿಕೆಗೆ ಮೂಲವೊಂದನ್ನು ಪಕ್ಕದಲ್ಲಿಟ್ಟು ತೋರಿಸಬಹುದು. ಯಂತ್ರರಚನೆಯ ಅಂಕಿಗೆ ಪಕ್ಕದಲ್ಲಿಡಲು ಯಾವ ಮೂಲವೂ ಇಲ್ಲ. ಅದು ಒಂದು ಊಹೆ. 2018ರ ನಿಯಮಾವಳಿಯಲ್ಲಿ ಯಂತ್ರರಚನೆಯ ಮಾತೇ ಇಲ್ಲ. ಎರಡು ಬೇರೆ ಬೇರೆ ಅಂಕಿಗಳನ್ನು ಬೆರೆಸಿದ್ದನ್ನು ನಾನು ಒಂದೇ ಪ್ಯಾರಾದಲ್ಲಿ ತೋರಿಸಿದೆ.

ಆದರೆ ತಕ್ಕಡಿ ಸರಿಯಿಲ್ಲವೆಂದು ತೋರಿಸಿದ ಮಾತ್ರಕ್ಕೆ ಚಿನ್ನ ನಿಜವೆಂದಾಗುವುದಿಲ್ಲ. ಇಲ್ಲಿ ನನಗೆ ನೆರವಾದದ್ದು ನಮ್ಮ ಶಾಸನಶಾಸ್ತ್ರದ ಹಳೆಯ ವಾದವೊಂದು. ಗಂಗರ ತಾಮ್ರಶಾಸನಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ವಾದಿಸಿದರು; ರೈಸ್ ಅದನ್ನು ವಿರೋಧಿಸಿದರು. ಮುಂದಿನ ವಿದ್ವಾಂಸರು ಅವುಗಳಲ್ಲಿ ಕೆಲವನ್ನು ಕೃತಕವೆಂದೇ ಬಿಟ್ಟರು, ಕೆಲವನ್ನು ನಿಜವೆಂದು ಒಪ್ಪಿದರು. ಒಪ್ಪುವಾಗಲೂ ಬಿಡುವಾಗಲೂ ಅವರು ಲಿಪಿಯ ಕಾಲ, ತಿಥಿವಾರಗಳ ತಾಳೆ, ವಂಶಾವಳಿ ಎಂಬ ಪರಸ್ಪರ ಅವಲಂಬಿಸದ ಆಧಾರಗಳನ್ನು ಒಂದೊಂದು ಶಾಸನಕ್ಕೂ ಬೇರೆಬೇರೆಯಾಗಿ ನೋಡಿದರು. ನನ್ನ ಲೇಖನಕ್ಕೂ ಅಂಥ ಆಧಾರಗಳು ಬೇಕಿದ್ದವು. ಪಠ್ಯ ನೋಡಲು ಹೇಗಿದೆ ಎಂಬ ಚರ್ಚೆಯನ್ನು ಬಿಟ್ಟು, ಅದು ಹುಟ್ಟಿ ಬೆಳೆದ ವಂಶಾವಳಿಯನ್ನು ಮುಂದಿಡಬೇಕಿತ್ತು.

ಮೊದಲಿಗೆ ಸಿಕ್ಕಿದ ಆಧಾರವೋ ನನಗೇ ಪ್ರತಿಕೂಲವಾಗಿತ್ತು. ಕಳುಹಿಸಿದ ವರ್ಡ್ ಕಡತದ ಗುಣವಿವರಗಳನ್ನು ತೆರೆದರೆ, ಕಡತ ಹುಟ್ಟಿದ ದಿನವೇ ಮುಗಿದಿತ್ತು. ಒಟ್ಟು ತಿದ್ದುಪಡಿಯ ಅವಧಿ 11 ನಿಮಿಷ. ಕರ್ತೃವಿನ ಜಾಗದಲ್ಲಿ ಡಿಟಿಪಿ ಅಂಗಡಿಯ ಹೆಸರು. ನಾಲ್ಕು ಸಾವಿರ ಪದಗಳ ಲೇಖನ 11 ನಿಮಿಷದಲ್ಲಿ! ಗೊತ್ತಿಲ್ಲದವರು ನೋಡಿದರೆ ಎಲ್ಲಿಂದಲೋ ತಂದು ಅಂಟಿಸಿದ್ದೆಂದೇ ತಿಳಿಯುತ್ತಾರೆ. ಅಂಟಿಸಿದ್ದು ನಿಜವೂ ಹೌದು. ನಾನು ಕೈಯಲ್ಲಿ ಬರೆಯುವವನು. ಡಿಟಿಪಿ ಮಾಡುವ ಹುಡುಗ ಅದನ್ನು ನುಡಿಯಲ್ಲಿ ಅಕ್ಷರ ಜೋಡಿಸಿ, ಎರಡು ಸಲ ಕರಡಚ್ಚು ಕೊಟ್ಟು, ತಿದ್ದಿಸಿಕೊಂಡು, ಕೊನೆಗೆ ಯೂನಿಕೋಡಿಗೆ ಪರಿವರ್ತಿಸಿ ಹೊಸ ಕಡತದಲ್ಲಿ ಹಾಕಿದ್ದ. ನಮ್ಮಲ್ಲಿ ಅರ್ಧಕ್ಕರ್ಧ ವಿದ್ವಾಂಸರ ಲೇಖನಗಳು ಸಿದ್ಧವಾಗುವುದು ಹೀಗೆಯೇ. ಆದ್ದರಿಂದ ಕನ್ನಡದ ಮಟ್ಟಿಗೆ ವರ್ಡ್ ಕಡತದ ಈ ಅವಧಿಯು ಆರೋಪಕ್ಕೂ ಪ್ರಮಾಣವಲ್ಲ, ಸಮರ್ಥನೆಗೂ ಪ್ರಮಾಣವಲ್ಲ. ಇದನ್ನು ಅವರು ಕಂಡುಹಿಡಿದು ಕೇಳುವ ಮೊದಲು ನಾನೇ ಹೇಳಿದೆ.

ಬಳಿಕ ಸಾಕ್ಷ್ಯವನ್ನು ಇದ್ದಂತೆಯೇ ಉಳಿಸಿಕೊಳ್ಳುವ ಕೆಲಸ. ಹಳೆಯ ಕಡತವನ್ನು ತೆರೆದು ಅಭ್ಯಾಸಬಲದಿಂದ ‘ಸೇವ್’ ಒತ್ತಿದರೂ ಅದರ ತಾರೀಖು ಬದಲಾಗುತ್ತದೆ. ಆದ್ದರಿಂದ ಡಿಟಿಪಿ ಅಂಗಡಿಯ ನುಡಿ ಕಡತ, ಎರಡು ಕರಡಚ್ಚುಗಳ ಪಿಡಿಎಫ್, ಕೊನೆಯ ಕಡತ ಇವನ್ನು ತೆರೆಯದೆ ಪೆನ್‌ಡ್ರೈವಿಗೆ ನಕಲು ಮಾಡಿದೆವು. ಪ್ರತಿಯೊಂದು ಕಡತಕ್ಕೂ ಸಹೋದ್ಯೋಗಿಯವರು ವಿಂಡೋಸ್‌ನಲ್ಲಿ ಈ ಆಜ್ಞೆಯನ್ನು ಕೊಟ್ಟು ಒಂದು ಸಂಖ್ಯಾಮುದ್ರೆಯನ್ನು ಪಡೆದರು:

```
certutil -hashfile lekhana.docx SHA256
```

ಕಡತದ ಒಳಗಿನ ಒಂದಕ್ಷರ ಬದಲಾದರೂ ಈ ಮುದ್ರೆ ಬದಲಾಗುತ್ತದೆ. ಮುದ್ರೆಗಳನ್ನು ಅದೇ ದಿನ ಪ್ರಾಂಶುಪಾಲರಿಗೆ ಮಿಂಚಂಚೆಯಲ್ಲಿ ಕಳುಹಿಸಿದೆ. ಅಂದಿನಿಂದ ಮುಂದೆ ನಾನು ಏನನ್ನೂ ತಿದ್ದಿಲ್ಲವೆಂಬುದಕ್ಕೆ ಅದು ಆಧಾರ. ಅದಕ್ಕೂ ಹಿಂದಿನದಕ್ಕೆ ಅಲ್ಲ. ಹಿಂದಿನದಕ್ಕೆ ಬೇರೆಯವರ ಕೈಯಲ್ಲಿರುವ ಸಾಕ್ಷ್ಯ ಬೇಕು.

ಹೀಗಾಗಿ ನಾನು ಸಿದ್ಧಪಡಿಸಿದ ಕಾಲಾನುಕ್ರಮಣಿಕೆಯಲ್ಲಿ ಮೂರು ಕಂಬಸಾಲುಗಳಿದ್ದವು: ದಿನಾಂಕ, ದಾಖಲೆ, ಆ ದಾಖಲೆ ಯಾರ ವಶದಲ್ಲಿದೆ. ಮೂರನೆಯ ಸಾಲೇ ಮುಖ್ಯ. ನನ್ನ ಟಿಪ್ಪಣಿ ಪುಸ್ತಕ ನನ್ನ ವಶದಲ್ಲಿದೆ. ಅದನ್ನು ನಿನ್ನೆ ಬರೆದೆನೆಂದು ಯಾರಾದರೂ ಹೇಳಬಹುದು. ಆದರೆ 2023ರ ನವೆಂಬರಿನಲ್ಲಿ ಪುಸ್ತಕ ಪಡೆದ ನಮೂದು ಗ್ರಂಥಾಲಯದ ದಫ್ತರಿನಲ್ಲಿದೆ. ಜನವರಿಯಲ್ಲಿ ಮೊದಲ ಭಾಗವನ್ನು ಓದಿ ನೋಡೆಂದು ಫೋಟೊ ತೆಗೆದು ಕಳುಹಿಸಿದ್ದು ಗೆಳೆಯನ ಫೋನಿನಲ್ಲಿದೆ. ಕರಡಚ್ಚಿನ ಬಗ್ಗೆ ನಡೆದ ಮಾತುಕತೆ ಡಿಟಿಪಿ ಹುಡುಗನ ವಾಟ್ಸ್ಆ್ಯಪ್‌ನಲ್ಲಿದೆ. ಹದಿನಾಲ್ಕು ನಮೂದುಗಳಲ್ಲಿ ಒಂಬತ್ತು ಬೇರೆಯವರ ವಶದಲ್ಲಿದ್ದವು. ಆ ಒಂಬತ್ತನ್ನು ಮಾತ್ರ ಓದಿದರೂ ಲೇಖನ ಬೆಳೆದ ಬಗೆ ತಿಳಿಯುತ್ತಿತ್ತು.

ಇಡೀ ಲೇಖನವನ್ನು ಹೀಗೆ ಹಿಂಬಾಲಿಸಿ ತೋರಿಸಿದರೆ ಯಾರೂ ಓದುವುದಿಲ್ಲ. ಐದು ಪ್ಯಾರಾಗಳನ್ನು ಆಯ್ದು ಪ್ರತಿಯೊಂದನ್ನೂ ಟಿಪ್ಪಣಿ, ಕೈಬರಹದ ಕರಡು, ಮೊದಲ ಕರಡಚ್ಚು, ಕೊನೆಯ ಪಠ್ಯ ಎಂಬ ನಾಲ್ಕು ಹಂತಗಳಲ್ಲಿ ಒಂದೇ ಹಾಳೆಯ ಮೇಲೆ ಇಟ್ಟೆ. ಅವುಗಳಲ್ಲಿ ನನ್ನನ್ನು ಉಳಿಸಿದ ಪ್ಯಾರಾದಲ್ಲಿ ಒಂದು ತಪ್ಪಿತ್ತು. ಶ್ರವಣಬೆಳಗೊಳದ ಶಾಸನಗಳ ಸಂಪುಟಕ್ಕೆ ಮೂರು ಆವೃತ್ತಿಗಳಿವೆ. 1889ರ ರೈಸ್ ಅವರ ಆವೃತ್ತಿಯಲ್ಲಿ 144 ಶಾಸನಗಳಿದ್ದರೆ, 1923ರ ನರಸಿಂಹಾಚಾರ್ಯರ ಪರಿಷ್ಕೃತ ಆವೃತ್ತಿಯಲ್ಲಿ 500, 1973ರ ಮೈಸೂರು ವಿಶ್ವವಿದ್ಯಾನಿಲಯದ ಆವೃತ್ತಿಯಲ್ಲಿ 573. ಶಾಸನಗಳ ಸಂಖ್ಯೆಗಳೂ ಒಂದರಿಂದೊಂದಕ್ಕೆ ಬೇರೆ. ನಾನು ಮೊದಲು 1923ರ ಆವೃತ್ತಿಯಿಂದ ಟಿಪ್ಪಣಿ ಮಾಡಿ, ಬಳಿಕ ಎಲ್ಲ ಸಂಖ್ಯೆಗಳನ್ನೂ 1973ರದಕ್ಕೆ ಬದಲಿಸಿದ್ದೆ. ಕರಡಿನಲ್ಲಿ ಹಳೆಯ ಸಂಖ್ಯೆಯನ್ನು ಕೆಂಪು ಶಾಯಿಯಲ್ಲಿ ಹೊಡೆದು ಪಕ್ಕದಲ್ಲಿ ಹೊಸದನ್ನು ಬರೆದಿದ್ದೆ. ಒಂದು ಕಡೆ ಹೊಸದನ್ನು ಬರೆದರೂ ಹಳೆಯದನ್ನು ಹೊಡೆಯಲು ಮರೆತಿದ್ದೆ. ಡಿಟಿಪಿ ಹುಡುಗ ಫೆಬ್ರವರಿಯಲ್ಲಿ ಕೇಳಿದ್ದ: ‘ಮೇಷ್ಟ್ರೇ, ಒಂದೇ ಶಾಸನಕ್ಕೆ ಎರಡೆರಡು ನಂಬರ್ ಬರ್ದಿದ್ದೀರಿ, ಯಾವ್ದು ಹಾಕ್ಲಿ?’ ಆ ಹೊತ್ತಿನಲ್ಲಿ ನಾನೇನು ನೋಡಿದೆನೋ, ಹಳೆಯದನ್ನೇ ಹಾಕೆಂದು ಉತ್ತರಿಸಿದ್ದೆ. ಆ ತಪ್ಪು ಕೊನೆಯ ಪಠ್ಯದಲ್ಲಿ ಹಾಗೆಯೇ ಉಳಿದಿತ್ತು.

ಅದರ ಜೊತೆಗೆ ಪರಿವರ್ತನೆಯ ಗುರುತುಗಳೂ ಇದ್ದವು. ಕೊನೆಯ ಪಠ್ಯದಲ್ಲಿ ಹಲವೆಡೆ ಅನುಸ್ವಾರದ ಜಾಗದಲ್ಲಿ ಸೊನ್ನೆಯ ಅಂಕಿ ಕುಳಿತಿತ್ತು, ಎರಡು ಕಡೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿತ್ತು. ಅಂಗಡಿಯಲ್ಲಿದ್ದ ನುಡಿ ಕಡತವನ್ನು ತನಿಖಾ ಸಮಿತಿಯ ಮುಂದೆಯೇ ಮತ್ತೊಮ್ಮೆ ಪರಿವರ್ತಿಸಿದಾಗ ಅವೇ ಜಾಗಗಳಲ್ಲಿ ಅವೇ ತಪ್ಪುಗಳು ಬಂದವು. ಎರಡು ಪ್ರತಿಗಳಲ್ಲಿ ಒಂದೇ ಸ್ಖಾಲಿತ್ಯವಿದ್ದರೆ ಅವುಗಳಿಗೆ ಸಂಬಂಧವಿದೆ ಎಂಬುದು ಗ್ರಂಥಸಂಪಾದನೆಯ ಮೊದಲ ಪಾಠ. ಓಲೆಗರಿಗಳ ಪ್ರತಿಕಾರರಿಗೆ ಅನ್ವಯಿಸುತ್ತಿದ್ದ ಸೂತ್ರವನ್ನು ನನ್ನದೇ ಲೇಖನಕ್ಕೆ ಅನ್ವಯಿಸುವ ದಿನ ಬಂದೀತೆಂದು ನಾನು ಎಣಿಸಿರಲಿಲ್ಲ.

ಒಂದು ಸಂಗತಿಯನ್ನು ಹೇಳಬೇಕೋ ಬೇಡವೋ ಎಂದು ಎರಡು ರಾತ್ರಿ ಯೋಚಿಸಿದ್ದೆ. ಲೇಖನದ ಆರಂಭದಲ್ಲಿ 150 ಪದಗಳ ಇಂಗ್ಲಿಷ್ ಸಾರಾಂಶ ಕೊಡಬೇಕಿತ್ತು. ನನ್ನ ಕನ್ನಡ ಸಾರಾಂಶವನ್ನು ಅನುವಾದದ ಸಾಧನದಲ್ಲಿ ಹಾಕಿ, ಬಂದ ಇಂಗ್ಲಿಷನ್ನು ತಿದ್ದಿ ಬಳಸಿದ್ದೆ. ಯಾರೂ ಅದನ್ನು ಕೇಳಿರಲಿಲ್ಲ. ‘ನೀವೇ ಯಾಕೆ ಕೈಗೆ ಕೋಲು ಕೊಡ್ತೀರಿ?’ ಎಂದು ಮನೆಯಲ್ಲಿ ಕೇಳಿದರು. ಆದರೆ ಯಾವ ಯಂತ್ರದ ನೆರವನ್ನೂ ಪಡೆದಿಲ್ಲವೆಂದು ಬರೆದು, ಮುಂದೆ ಈ ಒಂದು ಸಂಗತಿ ಹೊರಬಿದ್ದರೆ ಉಳಿದ ಹದಿನಾಲ್ಕು ನಮೂದುಗಳೂ ಸುಳ್ಳಾಗುತ್ತಿದ್ದವು. ಸಾರಾಂಶದ ವಿಷಯವನ್ನು ಹೇಳಿಕೆಯ ಮೊದಲ ಪುಟದಲ್ಲಿಯೇ ಬರೆದೆ. ಸಮಿತಿಯ ಒಬ್ಬ ಸದಸ್ಯರು ಅದನ್ನೇ ಹಿಡಿದು ಇಪ್ಪತ್ತು ನಿಮಿಷ ಪ್ರಶ್ನಿಸಿದರು. ಆ ಇಪ್ಪತ್ತು ನಿಮಿಷ ಕಷ್ಟದ್ದಾಗಿತ್ತು. ಅದು ಮುಗಿದ ಮೇಲೆ ಉಳಿದ ದಾಖಲೆಗಳನ್ನು ಅವರು ಅನುಮಾನದಿಂದ ನೋಡಲಿಲ್ಲ.

ಲೇಖನವನ್ನು ಬೇರೆ ಹತ್ತು ಪತ್ತೆಸಾಧನಗಳಿಗೆ ಕೊಟ್ಟು, ಅನುಕೂಲವಾದ ಅಂಕಿಯನ್ನು ತೋರಿಸಿರೆಂದು ಕೆಲವರು ಹೇಳಿದ್ದರು. ಅದನ್ನು ನಾನು ಮಾಡಲಿಲ್ಲ. ತಕ್ಕಡಿಯನ್ನೇ ಒಪ್ಪದವನು ಇನ್ನೊಂದು ತಕ್ಕಡಿಯ ತೂಕವನ್ನು ತೋರಿಸುವುದು ಸರಿಯಲ್ಲ. ಅದರ ಬದಲು, ಲೇಖನದ ಯಾವ ಭಾಗವನ್ನು ಬೇಕಾದರೂ ಕುರಿತು ಮೌಖಿಕವಾಗಿ ಪ್ರಶ್ನಿಸಬಹುದೆಂದು ಬರೆದುಕೊಟ್ಟೆ. ಈ ಶಾಸನವನ್ನೇ ಏಕೆ ಆರಿಸಿದಿರಿ, ಅದನ್ನೇಕೆ ಬಿಟ್ಟಿರಿ ಎಂದು ಅವರು ಮುಕ್ಕಾಲು ಗಂಟೆ ಕೇಳಿದರು. ಕರಡುಗಳನ್ನು ಹರಿದು ಹಾಕುವ ಅಭ್ಯಾಸವಿರುವವರಿಗೆ ಉಳಿಯುವುದು ಈ ದಾರಿಯೊಂದೇ.

ಆಗಸ್ಟ್ ಕೊನೆಯಲ್ಲಿ ಸಮಿತಿಯು ಆರೋಪಕ್ಕೆ ಆಧಾರವಿಲ್ಲವೆಂದು ವರದಿ ಕೊಟ್ಟಿತು. ಸಂಪಾದಕ ಮಂಡಳಿಯಿಂದ ಎರಡು ಸಾಲಿನ ಪತ್ರ ಬಂತು. ಅಷ್ಟರಲ್ಲಿ ಸಂಪುಟವು ನನ್ನ ಲೇಖನವಿಲ್ಲದೆ ಅಚ್ಚಾಗಿತ್ತು. ಆರೋಪದ ಪತ್ರ ಪ್ರಾಂಶುಪಾಲರಿಗೆ ಹೋಗಿತ್ತು. ಹಿಂತೆಗೆದುಕೊಂಡ ಪತ್ರ ಹೋಗಿರಲಿಲ್ಲ. ನಾನು ಬರೆದು ಕೇಳಿದ ಮೇಲೆ ಅದನ್ನೂ ಕಳುಹಿಸಿದರು. ಹೀಗೆ ಕೇಳುವುದನ್ನು ಮರೆಯಬಾರದು. ಕಡತದಲ್ಲಿ ಉಳಿಯುವುದು ಕಾಗದವೇ ಹೊರತು ಮಾತಲ್ಲ. ಪದೋನ್ನತಿಯ ಕಡತ ಒಂದು ಸಭೆಯನ್ನು ಕಳೆದುಕೊಂಡು ಮುಂದೆ ಹೋಯಿತು. ಮುಂದೂಡಿದ್ದ ಉಪನ್ಯಾಸಕ್ಕೆ ಯಾರೂ ಮತ್ತೆ ಕರೆಯಲಿಲ್ಲ.

ಇಷ್ಟನ್ನು ಬರೆದ ಮೇಲೆ ಇನ್ನೊಂದನ್ನು ಬರೆಯದೆ ಇರಲಾರೆ. ಹಿಂದಿನ ವರ್ಷ ಎಂ.ಎ. ವಿದ್ಯಾರ್ಥಿನಿಯೊಬ್ಬಳು ನನಗೆ ಕೊಟ್ಟ ನಿಯೋಜಿತ ಪ್ರಬಂಧ ಬಹಳ ಚೆನ್ನಾಗಿತ್ತು. ಅವಳ ತರಗತಿಯ ಮಾತಿಗೂ ಆ ಬರಹಕ್ಕೂ ಹೊಂದಿಕೆಯಿಲ್ಲವೆಂದು ನನಗೆ ತೋರಿತು. ‘ಇದು ನಿನ್ನ ಭಾಷೆಯಲ್ಲಮ್ಮ’ ಎಂದು ಹೇಳಿ ಹತ್ತರಲ್ಲಿ ನಾಲ್ಕು ಅಂಕ ಕೊಟ್ಟಿದ್ದೆ. ಕರಡು ಇದೆಯೇ ಎಂದು ಕೇಳಿರಲಿಲ್ಲ. ಅವಳೂ ಏನನ್ನೂ ಹೇಳದೆ ಹೋಗಿದ್ದಳು. ನನ್ನ ಬಳಿ ಆಗ ಯಾವ ಪತ್ತೆಸಾಧನವೂ ಇರಲಿಲ್ಲ, ನಾನೇ ಅದಾಗಿದ್ದೆ. ಸೆಪ್ಟೆಂಬರಿನಲ್ಲಿ ಅವಳ ವಿಳಾಸ ಹುಡುಕಿ ಪತ್ರ ಬರೆದೆ. ಉತ್ತರ ಬಂತು: ‘ಸರ್, ಮೂರು ಸಲ ಬರೆದಿದ್ದೆ. ಆ ಹಾಳೆಗಳು ಈಗಲೂ ಇವೆ. ನೀವು ಕೇಳಲಿಲ್ಲ.’